ಅಣ್ಣನ ಮಗಳಿಗೆ ವರ್ಷ ತುಂಬಿದಾಗ ಸೋದರತ್ತೆಯ ಪತ್ರ: ಬರೆಯುವ ಬಗೆ, ಹಂತ ಹಂತವಾಗಿ

ಮಗುವಿಗೆ ವರ್ಷ ತುಂಬುವ ದಿನ ಮನೆಯವರ ವಾಟ್ಸಾಪ್ ಗ್ರೂಪಿಗೆ ಬರುವ ಹಾರೈಕೆಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು. "ದೇವರು ಆಯುರಾರೋಗ್ಯ ಐಶ್ವರ್ಯ ಕೊಟ್ಟು ಕಾಪಾಡಲಿ" ಎಂಬ ಸಾಲು ತಪ್ಪೇನಲ್ಲ, ಆದರೆ ಅದು ಯಾವ ಮಗುವಿಗೂ ಹೊಂದುತ್ತದೆ. ಸೋದರತ್ತೆಯ ಜಾಗ ಹಾಗಲ್ಲ. ಹಲವು ಮನೆತನಗಳಲ್ಲಿ ನಾಮಕರಣದ ದಿನ ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವಳೇ ಅವಳು. ಆ ಹೆಸರಿಗೆ ಒಂದು ವರ್ಷ ತುಂಬಿದಾಗ ಅವಳು ಬರೆಯುವ ನಾಲ್ಕು ಸಾಲು ಮನೆಯ ಕಪಾಟಿನಲ್ಲಿ ಉಳಿಯುವಂಥದ್ದಾಗಿರಬೇಕು.

ಇದನ್ನು ಬರೆಯುವುದು ತುಸು ಕಷ್ಟ, ಏಕೆಂದರೆ ಒಂದೇ ಹಾಳೆಗೆ ಮೂವರು ಓದುಗರು. ಅಣ್ಣ ಮತ್ತು ಅತ್ತಿಗೆ ಇವತ್ತು ಓದುತ್ತಾರೆ. ಮಗು ಓದುವುದು ಹತ್ತು ಹದಿನೈದು ವರ್ಷದ ನಂತರ. ಈ ಮೂವರನ್ನು ಒಂದೇ ಪತ್ರದಲ್ಲಿ ಮಾತನಾಡಿಸುವ ಬಗೆಯನ್ನು ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ.

ಪತ್ರ ಬರೆಯುವ ತಂಗಿ ಶಿವಮೊಗ್ಗದಲ್ಲಿದ್ದಾಳೆ. ಅಣ್ಣ ಅತ್ತಿಗೆ ಬೆಂಗಳೂರಲ್ಲಿ. ಅತ್ತಿಗೆಯ ತವರು ಚಿತ್ರದುರ್ಗ. ಮೊದಲ ಹೆರಿಗೆಯಾದ್ದರಿಂದ ಮಗು ಹುಟ್ಟಿದ್ದು ಅಲ್ಲಿಯೇ, 2025ರ ಅಕ್ಟೋಬರ್ 24ರಂದು. ಬಾಣಂತನ ಮುಗಿಸಿ ತಾಯಿ ಮಗು ಐದನೇ ತಿಂಗಳಲ್ಲಿ ಬೆಂಗಳೂರಿಗೆ ಬಂದರು. ಮಗುವಿನ ಹೆಸರಿನ ಜಾಗದಲ್ಲಿ ಇಲ್ಲಿ "ಪುಟ್ಟಿ" ಎಂದಿಟ್ಟಿದೆ.

ಯಾವ ದಿನಕ್ಕೆ ತಲುಪಬೇಕು?

ಮೊದಲು ಕೇಳಿ ತಿಳಿಯಬೇಕಾದ್ದು ಇದು. ಎಷ್ಟೋ ಮನೆಗಳಲ್ಲಿ ಮೊದಲ ಹುಟ್ಟುಹಬ್ಬಕ್ಕೆ ಎರಡು ದಿನಗಳಿರುತ್ತವೆ. ಕೇಕ್ ಕತ್ತರಿಸುವುದು ಇಂಗ್ಲಿಷ್ ತಾರೀಖಿಗೆ, ಆಯುಷ್ಯ ಹೋಮ ಅಥವಾ ಮನೆಯ ಪೂಜೆ ಮಾಸ-ತಿಥಿ ಇಲ್ಲವೇ ಜನ್ಮನಕ್ಷತ್ರ ನೋಡಿ. ಎರಡರ ನಡುವೆ ಎರಡು ಮೂರು ದಿನದ ಅಂತರವಿರಬಹುದು ಎಂದುಕೊಂಡರೆ ಮೋಸ ಹೋಗುತ್ತೇವೆ. ಚಾಂದ್ರಮಾನದ ವರ್ಷ ಸುಮಾರು 354 ದಿನದ್ದು, ಹಾಗಾಗಿ ಸಾಮಾನ್ಯ ವರ್ಷದಲ್ಲಿ ತಿಥಿ ಹನ್ನೊಂದು ದಿನ ಮುಂಚೆ ಬಂದುಬಿಡುತ್ತದೆ. ನಡುವೆ ಅಧಿಕ ಮಾಸ ಬಂದರೆ ಹತ್ತೊಂಬತ್ತು ದಿನದಷ್ಟು ತಡವಾಗಿ ಬರುತ್ತದೆ.

ನಮ್ಮ ಉದಾಹರಣೆಯಲ್ಲಿ ಆಗಿರುವುದು ಎರಡನೆಯದು. ಪುಟ್ಟಿ ಹುಟ್ಟಿದ್ದು 2025ರ ದೀಪಾವಳಿ ಮುಗಿದ ಎರಡು ದಿನಕ್ಕೆ. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ದೀಪಾವಳಿಯೇ ನವೆಂಬರ್ ಎರಡನೇ ವಾರಕ್ಕೆ ಹೋಗಿದೆ. ತಾರೀಖಿನ ಹುಟ್ಟುಹಬ್ಬ ಅಕ್ಟೋಬರ್ 24ಕ್ಕೆ, ತಿಥಿಯದು ನವೆಂಬರಿನಲ್ಲಿ. ಪತ್ರವನ್ನು ತಾರೀಖಿನ ದಿನಕ್ಕೆ ತಲುಪಿಸಿ, ಹೋಮದ ದಿನ ಖುದ್ದಾಗಿ ಹೋಗುವುದು ಇಲ್ಲಿ ಸರಿಯಾದ ಏರ್ಪಾಡು. ಎರಡನ್ನೂ ಒಂದೇ ದಿನಕ್ಕೆ ಇಟ್ಟುಕೊಂಡರೆ ಹೋಮದ ಹೊಗೆ, ಅಡುಗೆಯವರು, ನೆಂಟರ ನಡುವೆ ಪತ್ರ ಫ್ರಿಜ್ಜಿನ ಮೇಲೆ ಉಳಿದುಹೋಗುತ್ತದೆ.

ಬರೆಯುವ ಮುಂಚೆ ಒಂದು ವಾರ

ಪತ್ರ ಸಪ್ಪೆಯಾಗುವುದು ಭಾಷೆ ಸಾಲದೆ ಅಲ್ಲ, ಸಾಮಗ್ರಿ ಸಾಲದೆ. ಸೋದರತ್ತೆಯ ಸ್ಥಿತಿಯಲ್ಲಿ ಇದು ಇನ್ನೂ ಹೆಚ್ಚು, ಯಾಕೆಂದರೆ ಮೊದಲ ನಾಲ್ಕೈದು ತಿಂಗಳು ಮಗು ತಾಯಿಯ ತವರಲ್ಲಿರುತ್ತದೆ. ಆ ದಿನಗಳಲ್ಲಿ ಅವಳು ಮಗುವನ್ನು ಒಂದೆರಡು ಸಲವಷ್ಟೇ ನೋಡಿರುತ್ತಾಳೆ. ಇಡೀ ವರ್ಷ ಜೊತೆಗಿದ್ದವಳಂತೆ ಬರೆದರೆ ಅತ್ತಿಗೆಗೆ ಮೊದಲ ಸಾಲಿಗೇ ಗೊತ್ತಾಗುತ್ತದೆ.

ಹಾಗಾಗಿ ಒಂದು ವಾರ ಮುಂಚೆ ಒಂದು ಹಾಳೆಯಲ್ಲಿ ಎರಡು ಪಟ್ಟಿ ಮಾಡಿಕೊಳ್ಳಿ: ಕಣ್ಣಾರೆ ಕಂಡದ್ದು, ಕೇಳಿ ತಿಳಿದದ್ದು. ಮೊದಲನೆಯದಕ್ಕೆ ಫೋನಿನ ಗ್ಯಾಲರಿ ಸಾಕು. ಫೋಟೊಗಳಿಗೆ ತಾರೀಖು ಇರುತ್ತದೆ, ಹೋಗಿ ಬಂದ ದಿನಗಳು ತಾವಾಗಿ ಹೊರಬರುತ್ತವೆ. ಫೋಟೊ ನೋಡುವಾಗ ಮಗುವಿನ ಮುಖಕ್ಕಿಂತ ಕೈ ಏನು ಮಾಡುತ್ತಿದೆ ಎಂದು ನೋಡಿ. ವರ್ಷದ ಮಗುವಿನ ವಿಷಯದಲ್ಲಿ ಬರೆಯಲು ಸಿಗುವ ನಿಜವಾದ ಸಂಗತಿಗಳೆಲ್ಲ ಕೈಯಲ್ಲೇ ಇರುತ್ತವೆ: ಹೆಬ್ಬೆರಳು ತೋರುಬೆರಳು ಸೇರಿಸಿ ನೆಲದ ಮೇಲಿನ ಚೂರನ್ನು ಹೆಕ್ಕುವುದು, ಡಬ್ಬದೊಳಗೆ ಸಾಮಾನು ಹಾಕಿ ತೆಗೆಯುವುದು, ಟಾಟಾ ಮಾಡುವುದು, ಬಚ್ಚಿಟ್ಟ ವಸ್ತುವನ್ನು ಹುಡುಕುವುದು.

ಎರಡನೆಯ ಪಟ್ಟಿಗೆ ಅತ್ತಿಗೆಯ ತಾಯಿಗೆ ಒಂದು ಫೋನ್ ಮಾಡಿ. ಬಾಣಂತನ ಮಾಡಿದವರು ಅವರು. "ಹೇಗಿದ್ದಳು" ಎಂದು ಕೇಳಿದರೆ "ಚೆನ್ನಾಗಿದ್ದಳು" ಎಂಬ ಉತ್ತರವಷ್ಟೇ ಬರುತ್ತದೆ. "ನೀರು ಹಾಕುವಾಗ ಅಳ್ತಿದ್ಲಾ? ಯಾವಾಗ ಸುಮ್ಮನಾಗ್ತಿದ್ಲು?" ಎಂದು ಕೇಳಿ. ಇಂಥ ಒಂದು ಪ್ರಶ್ನೆಗೆ ಅರ್ಧ ಗಂಟೆಯ ಮಾತು ಸಿಗುತ್ತದೆ, ಅದರಲ್ಲಿ ಪತ್ರಕ್ಕೆ ಬೇಕಾದ ಒಂದು ಸಾಲು ಇದ್ದೇ ಇರುತ್ತದೆ. ಇನ್ನೊಂದು ಲಾಭವೂ ಉಂಟು. ಗಂಡನ ಮನೆಯ ಕಡೆಯಿಂದ ಬರುವ ಪತ್ರದಲ್ಲಿ ತವರಿನ ಅಜ್ಜಿಯ ಕೆಲಸ ನೆನೆದಿದ್ದರೆ ಅತ್ತಿಗೆಗೆ ಅದಕ್ಕಿಂತ ಹಿತವಾದ ಮಾತು ಬೇರೆ ಇರಲಾರದು.

ಪಟ್ಟಿ ಹತ್ತು ಸಂಗತಿಗಳಾದಾಗ ನಿಲ್ಲಿಸಿ, ನಾಲ್ಕನ್ನು ಮಾತ್ರ ಆರಿಸಿಕೊಳ್ಳಿ: ಮಗುವಿನದು ಒಂದು, ಅಜ್ಜಿಯದು ಒಂದು, ಅತ್ತಿಗೆಯದು ಒಂದು, ಅಣ್ಣನದು ಒಂದು.

ನೀನು, ನೀವು ಮತ್ತು "ಅಂತೆ"

ಕನ್ನಡದಲ್ಲಿ ಈ ಪತ್ರ ಎಡವುವುದು ಇಲ್ಲಿ. ಅಣ್ಣನಿಗೆ "ನೀನು", ಅತ್ತಿಗೆಗೆ "ನೀವು", ಮಗುವಿಗೆ "ನೀನು". ಒಂದೇ ಪ್ಯಾರಾದಲ್ಲಿ ಮೂವರನ್ನೂ ಕರೆದರೆ ಕ್ರಿಯಾಪದಗಳು ಕಲಸುಮೇಲೋಗರವಾಗುತ್ತವೆ. "ನೀನು ನಕ್ಕಾಗ ನೀವು ಕಷ್ಟವನ್ನೆಲ್ಲ ಮರೆತೆ" ಎಂಬಂಥ ಸಾಲು ಕರಡಿನಲ್ಲಿ ಬಂದೇ ಬರುತ್ತದೆ. ಪರಿಹಾರ ಸರಳ: ಒಬ್ಬರಿಗೆ ಒಂದು ಪ್ಯಾರಾ, ಪ್ರತಿ ಪ್ಯಾರಾದ ಮೊದಲಲ್ಲೇ ಸಂಬೋಧನೆ. "ಅತ್ತಿಗೆ," ಎಂದು ಶುರುವಾದ ಪ್ಯಾರಾದಲ್ಲಿ ಮಗು "ಅವಳು" ಆಗುತ್ತದೆ, "ನೀನು" ಆಗುವುದಿಲ್ಲ.

ಮಗುವಿಗೆ ಬರೆಯುವ ಪ್ಯಾರಾದಲ್ಲಿ ಅದರ ಅಪ್ಪನ ಮಾತು ಬಂದರೆ? ತಂಗಿಗೆ ಅವನು ಏಕವಚನದ ಅಣ್ಣ, ಆದರೆ ಮಗುವಿನ ಎದುರು "ನಿನ್ನ ಅಪ್ಪ ಬಂದ" ಎಂದು ಬರೆದು, ಮುಂದಿನ ಸಾಲಿನಲ್ಲಿ "ನಿನ್ನ ಅಮ್ಮ ಬಂದರು" ಎಂದರೆ ಓದಲು ಮುಜುಗರ. ಮಗುವಿಗೆ ಹೇಳುವಾಗ ಇಬ್ಬರಿಗೂ ಬಹುವಚನ, ನೇರವಾಗಿ ಮಾತನಾಡಿಸುವಾಗ ಮನೆಯ ರೂಢಿ. ಅಣ್ಣನನ್ನು ಬಹುವಚನದಲ್ಲಿ ಕರೆಯುವ ಮನೆ, ಅತ್ತಿಗೆಯನ್ನು ಹೆಸರಿಡಿದು ಕರೆಯುವ ಮನೆ ಎರಡೂ ಉಂಟು. ಬಾಯಲ್ಲಿ ಹೇಗೆ ಕರೆಯುತ್ತೀರೋ ಕಾಗದದಲ್ಲೂ ಹಾಗೇ ಇರಲಿ. ಧಾರವಾಡದ ಕಡೆಯವರು "ವೈನಿ" ಎಂದೇ ಬರೆಯಬೇಕು. ಪತ್ರಕ್ಕೆಂದು ಅದನ್ನು "ಅತ್ತಿಗೆ" ಮಾಡಿದರೆ ಬೇರೆ ಯಾರೋ ಬರೆದ ಹಾಗೆ ಕಾಣುತ್ತದೆ.

ಕೇಳಿ ತಿಳಿದ ಸಂಗತಿಗೆ ಕನ್ನಡ ಒಂದು ಒಳ್ಳೆಯ ಸಾಧನ ಕೊಟ್ಟಿದೆ, "ಅಂತೆ". "ಟವೆಲ್ ಸುತ್ತಿದ ಕೂಡಲೇ ನಿದ್ದೆ ಹೋಗುತ್ತಿದ್ದೆಯಂತೆ" ಎಂದರೆ ನಾನು ಅಲ್ಲಿರಲಿಲ್ಲ, ಇದ್ದವರು ಹೇಳಿದರು ಎಂಬುದು ಎರಡಕ್ಷರದಲ್ಲಿ ಬಂತು. "ಅಂತೆ" ಬಿಟ್ಟರೆ ಕಾಣದ್ದನ್ನು ಕಂಡೆ ಎಂದ ಹಾಗಾಗುತ್ತದೆ.

ಬರೆಯಬಾರದ್ದು

ಸಲಹೆಯ ಒಂದು ಮಾತನ್ನು ತಾಯಿಯ ತಂಗಿ, ಅಂದರೆ ಚಿಕ್ಕಮ್ಮ, ಬರೆದರೆ ಅಕ್ಕ ತಂಗಿಯರ ಸಲಿಗೆಯಲ್ಲಿ ಕಳೆದುಹೋಗುತ್ತದೆ. ಸೋದರತ್ತೆ ಬರೆದರೆ ಅದು ಗಂಡನ ಮನೆಯ ಮಾತಾಗಿ ಕೇಳಿಸುತ್ತದೆ. ಬರೆಯುವವಳ ಮನಸ್ಸಿನಲ್ಲಿ ಅದಿಲ್ಲದಿದ್ದರೂ ಅತ್ತಿಗೆಯ ಕಿವಿ ಹಾಗೇ ಕೇಳಿಸಿಕೊಳ್ಳುತ್ತದೆ. ಆದ್ದರಿಂದ ಸಲಹೆ ಎಂಬುದು ಈ ಪತ್ರದಲ್ಲಿ ಒಂದು ಸಾಲೂ ಇರಬಾರದು. ಹಾಲು, ತೂಕ, ಬಣ್ಣ, "ಇನ್ನೂ ಹಲ್ಲು ಬಂದಿಲ್ವಾ" ಎಂಬಂಥವೂ ಬೇಡ. "ಮುಂದಿನ ಹುಟ್ಟುಹಬ್ಬದ ಹೊತ್ತಿಗೆ ತಮ್ಮ ಬರಲಿ" ಎಂಬ ಹಾರೈಕೆಯಂತೂ ಖಂಡಿತ ಬೇಡ. ಹಾರೈಕೆಯ ವೇಷದ ಆ ಒತ್ತಡ ಹಾಳೆ ಇರುವವರೆಗೂ ಇರುತ್ತದೆ.

ನಡಿಗೆಯ ಬಗ್ಗೆ ಬೇರೆಯಾಗಿ ಹೇಳಬೇಕು. "ಹುಟ್ಟುಹಬ್ಬಕ್ಕೆ ಓಡಾಡ್ತಾಳೆ ಅಂದ್ಕೊಂಡಿದ್ದೆ" ಎಂದು ಎಷ್ಟೋ ಜನ ಪ್ರೀತಿಯಿಂದಲೇ ಬರೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆರೋಗ್ಯವಾಗಿರುವ ಮಕ್ಕಳು ಆಸರೆಯಿಲ್ಲದೆ ನಡೆಯಲು ಕಲಿಯುವ ವಯಸ್ಸು ಸುಮಾರು 8 ತಿಂಗಳಿಂದ ಹದಿನೇಳೂವರೆ ತಿಂಗಳವರೆಗೆ ಹರಡಿದೆ. ಅಂದರೆ ವರ್ಷ ತುಂಬಿದ ದಿನ ಸೋಫಾ ಹಿಡಿದು ನಿಂತಿರುವ ಮಗು ಹಿಂದೆ ಬಿದ್ದಿಲ್ಲ. ನಡೆದಿದ್ದರೆ ಬರೆಯಿರಿ, ಇಲ್ಲದಿದ್ದರೆ ಆ ಮಾತೇ ಎತ್ತಬೇಡಿ.

ಮಗುವಿನ ಮೇಲೆ ಋಣ ಹೊರಿಸುವುದೂ ಬೇಡ. "ನಿನ್ನನ್ನು ಹೆರಲು ಅಮ್ಮ ಪಟ್ಟ ಕಷ್ಟ ನೆನಪಿಟ್ಟುಕೊ" ಎಂಬ ಸಾಲನ್ನು ಹನ್ನೆರಡು ವರ್ಷದ ಹುಡುಗಿ ಓದಿ ಏನು ಮಾಡಬೇಕು? ಹೆರಿಗೆಯ ವಿವರ ತಾಯಿಯ ಸ್ವಂತದ್ದು, ಹೇಳಬೇಕೆನಿಸಿದರೆ ಅವರೇ ಹೇಳುತ್ತಾರೆ.

ಹೊಗಳಿಕೆಯಲ್ಲೂ ತುಸು ಎಚ್ಚರ. ಕೆಲವು ಮನೆಗಳಲ್ಲಿ "ಎಷ್ಟು ದುಂಡಗಿದಾಳೆ" ಎಂದು ಬಿಡಿಸಿ ಬರೆದರೆ ದೃಷ್ಟಿಯಾಗುತ್ತದೆ ಎಂದು ಅಜ್ಜಿಯರು ಮುಖ ಸಣ್ಣ ಮಾಡುತ್ತಾರೆ. ಮೈಯನ್ನು ಬಿಟ್ಟು ಮಗುವಿನ ಚಟುವಟಿಕೆಯನ್ನು ಬರೆದರೆ ಆ ತೊಂದರೆ ತಾನಾಗಿ ತಪ್ಪುತ್ತದೆ, ಪತ್ರವೂ ಜೀವ ಪಡೆಯುತ್ತದೆ.

ಕರಡು, ಆಮೇಲೆ ಕತ್ತರಿ

ಮೊದಲ ಕರಡಿನ ಆರಂಭ ಸಾಮಾನ್ಯವಾಗಿ ಹೀಗಿರುತ್ತದೆ:

"ಮುದ್ದು ಪುಟ್ಟಿಗೆ ಮೊದಲನೇ ವರ್ಷದ ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು. ನೀನು ನಮ್ಮ ಬಾಳಿಗೆ ಬೆಳಕಾಗಿ ಬಂದೆ. ನಿನ್ನ ಮುದ್ದು ನಗು ನಮ್ಮೆಲ್ಲರ ನೋವನ್ನು ಮರೆಸಿತು. ನಿನ್ನ ತುಂಟಾಟ ನೋಡಲು ಎರಡು ಕಣ್ಣು ಸಾಲದು."

ಹೆಸರು ಬದಲಿಸಿ ನೋಡಿ. ಪಕ್ಕದ ಮನೆಯ ಮಗುವಿಗೂ ಹೊಂದಿದರೆ ಆ ಸಾಲು ಹೋಗಬೇಕು. ಈ ನಾಲ್ಕರಲ್ಲಿ ಒಂದೂ ಉಳಿಯುವುದಿಲ್ಲ. "ತುಂಟಾಟ" ಎಂಬ ಪದ ಬಂದಲ್ಲೆಲ್ಲ ಯಾವ ತುಂಟಾಟ ಎಂದು ನೀವೇ ಕೇಳಿಕೊಳ್ಳಿ. ಉತ್ತರ ಸಿಕ್ಕಿದರೆ ಅದನ್ನೇ ಬರೆಯಿರಿ, ಪದವನ್ನು ಹೊಡೆದುಹಾಕಿ. ನಮ್ಮ ಉದಾಹರಣೆಯಲ್ಲಿ ಉತ್ತರ: ಪುಟ್ಟಿ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಸ್ಟೀಲ್ ಡಬ್ಬಕ್ಕೆ ಹಾಕುತ್ತಾಳೆ.

ಅಳತೆ 150 ಪದಗಳ ಆಸುಪಾಸಿನಲ್ಲಿರಲಿ. ಸಾಧಾರಣ ಕೈಬರಹದಲ್ಲಿ ಎ4 ಹಾಳೆಯ ಒಂದು ಮಗ್ಗುಲಿಗೆ ಅಷ್ಟು ಹಿಡಿಸುತ್ತದೆ, ಗಟ್ಟಿಯಾಗಿ ನಿಧಾನಕ್ಕೆ ಓದಿದರೆ ಎರಡು ನಿಮಿಷ. ವರ್ಷದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಯಾರಾದರೂ ಓದಿ ಹೇಳಬಲ್ಲದ್ದು ಅಷ್ಟೇ. ಆ ಹೊತ್ತಿಗೆ ಅದು ಕಾಗದಕ್ಕೆ ಕೈ ಹಾಕಿರುತ್ತದೆ.

ತಿದ್ದಿದ ಪತ್ರ ಇದು:

ಶಿವಮೊಗ್ಗ
24 ಅಕ್ಟೋಬರ್ 2026

ಚಿ. ಪುಟ್ಟಿಗೆ ನಿನ್ನ ಸೋದರತ್ತೆಯ ಆಶೀರ್ವಾದಗಳು.

ಇವತ್ತಿಗೆ ನಿನಗೆ ಒಂದು ವರ್ಷ. ಹೋದ ತಿಂಗಳು ನಿಮ್ಮ ಮನೆಗೆ ಬಂದಾಗ ನೀನು ಅಡುಗೆಮನೆ ಬಾಗಿಲಲ್ಲಿ ಕೂತು ಬಟ್ಟೆ ಕ್ಲಿಪ್ಪುಗಳನ್ನು ಒಂದೊಂದಾಗಿ ಸ್ಟೀಲ್ ಡಬ್ಬಕ್ಕೆ ಹಾಕುತ್ತಿದ್ದೆ. ಪ್ರತಿ ಸಲ ಟಣ್ ಎಂದಾಗ ತಲೆಯೆತ್ತಿ ನಮ್ಮನ್ನು ನೋಡುತ್ತಿದ್ದೆ. ಡಬ್ಬ ತುಂಬಿದ ಮೇಲೆ ಅಷ್ಟನ್ನೂ ಸುರಿದು ಮತ್ತೆ ಮೊದಲಿಂದ.

ನೀನು ಹುಟ್ಟಿದ್ದು ಚಿತ್ರದುರ್ಗದ ಅಜ್ಜಿ ಮನೆಯಲ್ಲಿ. ಐದು ತಿಂಗಳು ನಿನಗೆ ಎಣ್ಣೆ ಹಚ್ಚಿ ನೀರು ಹಾಕಿದವರು ಆ ಅಜ್ಜಿ. ನೀರು ಹಾಕುವಷ್ಟು ಹೊತ್ತೂ ಬೀದಿಗೆ ಕೇಳುವ ಹಾಗೆ ಅತ್ತು, ಟವೆಲ್ ಸುತ್ತಿದ ಕೂಡಲೇ ನಿದ್ದೆ ಹೋಗುತ್ತಿದ್ದೆಯಂತೆ.

ಅತ್ತಿಗೆ, ಮೇ ತಿಂಗಳಲ್ಲಿ ನೀವು ಕೆಲಸಕ್ಕೆ ಮರಳಿದ ವಾರ ನಾನು ಅಲ್ಲಿದ್ದೆ. ದಿನಾ ಮಧ್ಯಾಹ್ನ ಒಂದು ಗಂಟೆಗೆ ಫೋನ್ ಮಾಡಿ "ಫೋನನ್ನ ಅವಳ ಹತ್ತಿರ ಇಡು, ಸದ್ದು ಕೇಳಿದ್ರೆ ಸಾಕು" ಅನ್ನುತ್ತಿದ್ದಿರಿ. ಅವಳು ದೊಡ್ಡವಳಾದ ಮೇಲೆ ಇದನ್ನು ಓದಲಿ ಎಂದೇ ಬರೆದಿದ್ದೇನೆ.

ಅಣ್ಣ, ರಾತ್ರಿ ಎರಡಕ್ಕೆ ಅವಳನ್ನು ಹೆಗಲಿಗೆ ಹಾಕಿಕೊಂಡು ಹಾಲ್‌ನಲ್ಲಿ ಓಡಾಡುವಾಗ ನೀನು ಗುನುಗುವುದು ಥೇಟ್ ಅಪ್ಪನ ಹಾಗೆ. ನಿನಗೆ ಅದು ಗೊತ್ತಿರಲಿಕ್ಕಿಲ್ಲ.

ಪುಟ್ಟಿ, ಆಯುಷ್ಯ, ಆರೋಗ್ಯ, ತುಂಬು ಬಾಳು ನಿನ್ನದಾಗಲಿ. ಶಿವಮೊಗ್ಗದಲ್ಲೂ ನಿನಗೊಂದು ಮನೆಯಿದೆ. ಯಾವಾಗ ಬೇಕಾದರೂ ಬಾ.

ಇತಿ,
ನಿನ್ನ ಸೋದರತ್ತೆ, ಅಪ್ಪನ ತಂಗಿ

ಇಲ್ಲಿ ಹಾರೈಕೆ ಕೊನೆಯಲ್ಲಿ ಬಂದಿದೆ, ಅದೂ ಒಂದೇ ಸಾಲು. ಹಳೆಯ ಪದಗಳೇ, ಆದರೆ ಮೇಲಿನ ನಾಲ್ಕು ಸಂಗತಿಗಳ ನಂತರ ಬಂದದ್ದರಿಂದ ಅವು ಈ ಮಗುವಿಗೇ ಹೇಳಿದ್ದಾಗುತ್ತವೆ. ಸಹಿಯಲ್ಲಿ ಬರೀ "ಅತ್ತೆ" ಎಂದರೆ ಸಾಲದು. ಸೋದರಮಾವನ ಹೆಂಡತಿಯೂ ಅತ್ತೆಯೇ. ಹದಿನೈದು ವರ್ಷದ ನಂತರ ಕಪಾಟಿನಲ್ಲಿ ಸಿಕ್ಕಾಗ ಯಾವ ಅತ್ತೆ ಎಂದು ತಿಳಿಯಲು ನಂಟು ಬಿಡಿಸಿ ಬರೆದು, ಅದರ ಕೆಳಗೆ ಪೂರ್ತಿ ಹೆಸರು ಹಾಕಬೇಕು. ಮೇಲ್ಭಾಗದ ಊರು, ತಾರೀಖು ಕೂಡ ಅದಕ್ಕಾಗಿಯೇ. ಇಷ್ಟವಿದ್ದವರು ಮಗು ಹುಟ್ಟಿದ ಸಂವತ್ಸರವನ್ನೂ ಸೇರಿಸಬಹುದು. ಪುಟ್ಟಿಯದು ವಿಶ್ವಾವಸು, ಪತ್ರ ಬರೆದ ದಿನ ನಡೆಯುತ್ತಿರುವುದು ಪರಾಭವ. ವಿಶ್ವಾವಸು ಮತ್ತೆ ಬರುವುದು ಅವಳಿಗೆ ಅರವತ್ತಾದಾಗ, 2085ರಲ್ಲಿ.

ಕಾಗದ, ಪೆನ್ನು, ಲಕೋಟೆ

ಶುದ್ಧಪ್ರತಿಯನ್ನು ಕೈಯಲ್ಲೇ ಬರೆಯಿರಿ. ಅಕ್ಷರ ಚೆನ್ನಾಗಿಲ್ಲ ಎಂದು ಟೈಪ್ ಮಾಡಿಸುವುದು ಬೇಡ, ಅಕ್ಷರವೂ ಬರೆದವರ ಗುರುತು. ದಪ್ಪನೆಯ ಬಿಳಿ ಹಾಳೆ, ಸಾಮಾನ್ಯ ಬಾಲ್ ಪೆನ್ನು ಸಾಕು. ಜೆಲ್ ಪೆನ್ನಿನ ಶಾಯಿಗಳಲ್ಲಿ ಹಲವು ನೀರು ತಾಗಿದರೆ ಹರಡುತ್ತವೆ, ಮಗುವಿರುವ ಮನೆಯಲ್ಲಿ ಹಾಲೋ ನೀರೋ ಚೆಲ್ಲುವುದು ಖಚಿತ. ಲ್ಯಾಮಿನೇಟ್ ಮಾಡಿಸಬೇಡಿ, ಒಮ್ಮೆ ಅಂಟಿಸಿದರೆ ಬಿಡಿಸಲು ಬರುವುದಿಲ್ಲ. ಫೋಟೊ ಇಟ್ಟರೆ ಸೆಲ್ಲೋಟೇಪಿನಿಂದ ಹಾಳೆಗೆ ಅಂಟಿಸದೆ ಬಿಡಿಯಾಗಿಡಿ. ವರ್ಷಗಳಾದಂತೆ ಟೇಪು ಹಳದಿಯಾಗಿ ಕಾಗದದ ಮೇಲೆ ಕಲೆ ಉಳಿಸುತ್ತದೆ. ಶುಭಪತ್ರಕ್ಕೆ ನಾಲ್ಕು ಮೂಲೆಗೂ ಅರಿಶಿನ ಹಚ್ಚುವ ರೂಢಿಯಿದ್ದರೆ ಲಕೋಟೆಗೆ ಹಚ್ಚಿ, ಒಳಗಿನ ಹಾಳೆ ಶುದ್ಧವಾಗಿರಲಿ.

ಟೈಪ್ ಮಾಡಲೇಬೇಕಾದವರು ಯೂನಿಕೋಡ್‌ನಲ್ಲಿ ಮಾಡಿ. ಹಳೆಯ ಫಾಂಟುಗಳಲ್ಲಿ ಮಾಡಿದ ಕಡತ ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ.

ಅಂಚೆಗೆ ಹಾಕುವುದಾದರೆ ಐದಾರು ದಿನ ಮುಂಚೆ ಹಾಕಿ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿದೆ, ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್ ಎಂದೇ ಕೇಳಬೇಕು. ಕಳಿಸುವ ಮುಂಚೆ ಹಾಳೆಯ ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ಆದರೆ ಹುಟ್ಟುಹಬ್ಬದ ದಿನ ಅದನ್ನು ಗ್ರೂಪಿಗೆ ಹಾಕಬೇಡಿ. ಅತ್ತಿಗೆಯ ಫೋನಿನ ಮಾತು ಅವರಿಗೆ ಬರೆದದ್ದು, ನಲವತ್ತು ಜನರಿಗೆ ಅಲ್ಲ. ಗ್ರೂಪಿಗೆ ಒಂದು ಸಾಲಿನ ಹಾರೈಕೆ ಸಾಕು.

ಅಣ್ಣನ ಸಂಸಾರ ಹೊರದೇಶದಲ್ಲಿದ್ದರೆ ಒಂದು ಕೆಲಸ ಹೆಚ್ಚಿಗೆ. ಅಲ್ಲಿ ಬೆಳೆಯುವ ಮಗು ಕನ್ನಡ ಮಾತನಾಡಿದರೂ ಲಿಪಿ ಓದಲು ಬರದೇ ಇರಬಹುದು. ಪತ್ರವನ್ನು ನೀವೇ ಗಟ್ಟಿಯಾಗಿ ಓದಿ ಫೋನಿನ ರೆಕಾರ್ಡರ್‌ನಲ್ಲಿ ಧ್ವನಿ ಮುದ್ರಿಸಿ, ಫ್ಯಾನ್ ಆರಿಸಿ, ಫೋನನ್ನು ಬಾಯಿಂದ ಒಂದು ಗೇಣು ದೂರ ಹಿಡಿದು. ವಾಟ್ಸಾಪ್ ವಾಯ್ಸ್ ನೋಟ್ ಆಗಿ ಕಳಿಸಿದರೆ ಚಾಟಿನ ಜೊತೆ ಅಳಿಸಿಹೋಗಬಹುದು, ಕಡತವಾಗಿ ಇಮೇಲ್ ಮಾಡಿ. ಕಡತಕ್ಕೆ ಮಗುವಿನ ಹೆಸರು, "ಒಂದನೇ ವರ್ಷ", ತಾರೀಖು ಇಟ್ಟು ಕಳಿಸಿದರೆ ಅಣ್ಣ ಅದನ್ನು ಮಗುವಿನ ಫೋಟೊಗಳ ಫೋಲ್ಡರಿನಲ್ಲಿ ಹಾಗೇ ಇಡಬಹುದು.